ಡಬ್ಬಿ ಕೈ ಸೇರಿದ ಮೇಲೆ ನಾನು ಕಳಿಸುವ ಮೂರು ಸಂದೇಶ

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಹಿಮ್ಮಡಿ ಒಡಕಿಗೆ ಹಚ್ಚುವ ಮುಲಾಮು ಮಾಡಿ ಮಾರುತ್ತೇನೆ. ಮುರುಗಲು ತುಪ್ಪ, ತೆಂಗಿನೆಣ್ಣೆ, ಜೇನುಮೇಣ, ಅಷ್ಟೇ. ಡಬ್ಬಿಯಲ್ಲಿ 25 ಗ್ರಾಂ ಇರುತ್ತದೆ. ಮಾಡುವುದು ಕಷ್ಟ ಅಲ್ಲ. ಮಾರಿದ ಮೇಲೆ ಏನು ಬರೆಯಬೇಕು ಎನ್ನುವುದಕ್ಕೇ ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು.

ಮೊದಲನೆಯದು ಡಬ್ಬಿ ಜೊತೆ ಹೋಗುವ ಚೀಟಿ. ಅದರಲ್ಲಿ ಥ್ಯಾಂಕ್ಸ್ ಒಂದೇ ಸಾಲು. ಉಳಿದಿದ್ದೆಲ್ಲ ಬಳಕೆಯದ್ದು:

"ನಮ್ಮಲ್ಲಿ ತಗೊಂಡಿದ್ದಕ್ಕೆ ಧನ್ಯವಾದ. ಮೊದಲು ಮೊಣಕೈ ಒಳಮಗ್ಗುಲಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ತುರಿಕೆ, ಕೆಂಪು ಬಂದರೆ ಬಳಸಬೇಡಿ, ನನಗೆ ತಿಳಿಸಿ. ರಾತ್ರಿ ಕಾಲು ತೊಳೆದು ಒರೆಸಿ, ಕಡಲೆಕಾಳಿನಷ್ಟು ತಗೊಂಡು ಎರಡೂ ಹಿಮ್ಮಡಿಗೆ ಹಚ್ಚಿ. ಒದ್ದೆ ಬೆರಳು ಡಬ್ಬಿಗೆ ಹಾಕಬೇಡಿ. ಒಡಕಿನಿಂದ ರಕ್ತ ಬರುತ್ತಿದ್ದರೆ, ಅಥವಾ ಸಕ್ಕರೆ ಕಾಯಿಲೆ ಇದ್ದರೆ, ಮೊದಲು ಡಾಕ್ಟರಿಗೆ ತೋರಿಸಿ."

ಒದ್ದೆ ಬೆರಳಿನ ಮಾತು ಸುಮ್ನೆ ಬರೆದಿದ್ದಲ್ಲ. ಮುಲಾಮಿನಲ್ಲಿ ನೀರಿನ ಅಂಶ ಇಲ್ಲ, ಹಾಗಾಗಿ ಕೆಡದಂತೆ ಏನನ್ನೂ ಹಾಕಿಲ್ಲ. ನೀರು ಸೇರಿದರೆ ಬೂಸ್ಟು ಬರಬಹುದು. ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಎರಡನೆಯದು ವಾಟ್ಸಾಪ್ ಸಂದೇಶ. ಪಾರ್ಸೆಲ್ ತಲುಪಿದ ಎರಡು ಮೂರು ದಿನಕ್ಕೆ ಕಳಿಸುತ್ತೇನೆ. ಇದರಲ್ಲಿ ಹೊಗಳಿಕೆ ಕೇಳುವುದಿಲ್ಲ. "ಡಬ್ಬಿ ತೆಗೆದಾಗ ಹೇಗಿತ್ತು? ಒಂದು ಫೋಟೋ ಹಾಕ್ತೀರಾ?" ಅಂತ ಮಾತ್ರ. ಬೇಸಿಗೆಯಲ್ಲಿ ಒಬ್ಬ ಹುಬ್ಬಳ್ಳಿ ಅಕ್ಕ ಕಳಿಸಿದ ಫೋಟೋದಲ್ಲಿ ಮುಲಾಮು ಪೂರ್ತಿ ರವೆ ರವೆ ಆಗಿತ್ತು. "ಇದು ಹಾಳಾಗಿದೆ ಅಲ್ವಾ?" ಅಂತ ಬೇಜಾರಿನಲ್ಲೇ ಕೇಳಿದ್ದರು. ನಾನು "ವಾಸನೆ ನೋಡಿ ಅಕ್ಕ" ಎಂದೆ. ಕಮಟು ವಾಸನೆ ಇದ್ದರೆ ಎಣ್ಣೆ ಕೆಟ್ಟಿದೆ, ಬೇರೆ ಡಬ್ಬಿ ಕಳಿಸಲೇಬೇಕು. ಅವರದ್ದರಲ್ಲಿ ಅದಿರಲಿಲ್ಲ. ಮುರುಗಲು ತುಪ್ಪ ಸುಮಾರು 40 ಡಿಗ್ರಿ ಹತ್ತಿರ ಕರಗುತ್ತದೆ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಅಷ್ಟು ಕಾವು ಸಹಜ. ಕರಗಿದ್ದು ಆಮೇಲೆ ನಿಧಾನ ಆರಿದರೆ ಕೊಬ್ಬು ಕಾಳು ಕಟ್ಟುತ್ತದೆ. ಹಚ್ಚಲು ತೊಂದರೆ ಇಲ್ಲ, ಬೆರಳಿಗೆ ಮಾತ್ರ ಹರಳು ಸಿಗುತ್ತದೆ.

ಸರಿ ಮಾಡುವುದು ಹೀಗೆ: ಒಲೆಯಿಂದ ಇಳಿಸಿದ ಬಿಸಿನೀರಲ್ಲಿ ಡಬ್ಬಿಯನ್ನು, ಒಳಗೆ ನೀರು ಹೋಗದಂತೆ ಇಡಬೇಕು. ಜೇನುಮೇಣ ಕರಗಲು 60 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ಹಾಗಾಗಿ ಅರ್ಧ ಕರಗಿಸಿ ಬಿಟ್ಟರೆ ಮತ್ತೆ ಕಾಳಾಗುತ್ತದೆ. ಪೂರ್ತಿ ತಿಳಿ ಎಣ್ಣೆ ಆದ ಮೇಲೆ ಡಬ್ಬಿ ಒರೆಸಿ ಫ್ರಿಜ್‌ನಲ್ಲಿಟ್ಟು ಬೇಗ ಆರಿಸಬೇಕು. ಅವರು ಹಾಗೇ ಮಾಡಿ ನುಣುಪಾದ ಫೋಟೋ ಕಳಿಸಿದರು. ಆ ಎರಡು ಫೋಟೋ ಈಗ, ಅವರ ಒಪ್ಪಿಗೆ ಪಡೆದು, ಬೇಸಿಗೆಯ ಗಿರಾಕಿಗಳಿಗೆಲ್ಲ ಮೊದಲೇ ಕಳಿಸುತ್ತೇನೆ.

ಎರಡು ವಾರ ಹಚ್ಚಿದ ಮೇಲೆ ಹಿಮ್ಮಡಿಯ ಫೋಟೋ ಬರಬೇಕು ಅಂತ ಇದೇ ಸಂದೇಶದಲ್ಲಿ ಹೇಳಿರುತ್ತೇನೆ. ಅದಕ್ಕೂ ನಿಯಮ ಇದೆ. ಬೆಳಿಗ್ಗೆ, ಕಿಟಕಿ ಬೆಳಕಲ್ಲಿ, ಒಂದು ಗೇಣು ದೂರದಿಂದ. ಫ್ಲ್ಯಾಶ್, ಬ್ಯೂಟಿ ಮೋಡ್ ಎರಡೂ ಬೇಡ. ಮುಖ್ಯವಾಗಿ, ಆ ದಿನದ ಮುಲಾಮು ಹಚ್ಚುವ ಮೊದಲೇ ತೆಗೆಯಬೇಕು. ಜಿಡ್ಡು ಹಚ್ಚಿದ ಹಿಮ್ಮಡಿಯಲ್ಲಿ ಒಡಕು ಮುಚ್ಚಿದಂತೆ ಕಾಣುತ್ತದೆ, ತೊಳೆದರೆ ಇದ್ದ ಹಾಗೇ ಇರುತ್ತದೆ. "ಮೊದಲು-ಆಮೇಲೆ" ಎಂದು ಓಡಾಡುವ ಎಷ್ಟೋ ಚಿತ್ರಗಳ ಗುಟ್ಟು ಇಷ್ಟೇ ಅಂತ ನನ್ನ ಅನುಮಾನ.

ಫೋಟೋ ಕಳಿಸಿದವರಿಗೆ ಮುಂದಿನ ಡಬ್ಬಿಯಲ್ಲಿ ಹತ್ತು ಪರ್ಸೆಂಟ್ ಕಡಿಮೆ. ಚೆನ್ನಾಗಿ ಆಗಿದ್ದರೂ ಅಷ್ಟೇ, ಏನೂ ಬದಲಾಗದಿದ್ದರೂ ಅಷ್ಟೇ. ಒಳ್ಳೆಯ ಫೋಟೋಗೆ ಮಾತ್ರ ರಿಯಾಯಿತಿ ಕೊಟ್ಟರೆ ಅದು ದುಡ್ಡು ಕೊಟ್ಟು ಹೇಳಿಸಿದ ಹಾಗೆ. ಬೇರೆಯವರಿಗೆ ತೋರಿಸಬಹುದೇ ಎಂದು ಪ್ರತ್ಯೇಕ ಕೇಳುತ್ತೇನೆ. ಉತ್ತರ ಬರದಿದ್ದರೆ ಇಲ್ಲ ಎಂದೇ ಲೆಕ್ಕ. ತೋರಿಸುವಾಗ "ಇವರಿಗೆ ರಿಯಾಯಿತಿ ಕೊಟ್ಟಿದ್ದೇನೆ" ಅಂತ ಕೆಳಗೆ ಬರೆಯುತ್ತೇನೆ. "ಗುಣವಾಯಿತು" ಎನ್ನುವ ಪದ ಬಳಸುವುದಿಲ್ಲ. ಇದು ಔಷಧಿ ಅಲ್ಲ.

ಮೂರನೆಯದು ಮತ್ತೆ ಬೇಕಾ ಎಂದು ಕೇಳುವ ಸಂದೇಶ. ಕಡಲೆಕಾಳಿನಷ್ಟು ಎಂದರೆ ಸುಮಾರು ಅರ್ಧ ಗ್ರಾಂ. ದಿನಾ ಹಚ್ಚಿದರೆ ಡಬ್ಬಿ ಐವತ್ತು ದಿನ ಬರುತ್ತದೆ. ಪಾರ್ಸೆಲ್‌ಗೆ ನಾಲ್ಕೈದು ದಿನ ಬೇಕಲ್ಲ, ಅದಕ್ಕೆ ನಲವತ್ತನೇ ದಿನದ ಹೊತ್ತಿಗೆ ಕೇಳುತ್ತೇನೆ: "ಡಬ್ಬಿಯ ತಳ ಕಾಣ್ತಾ ಇದೆಯಾ? ಇನ್ನೂ ಇದ್ದರೆ ಈಗ ಬೇಡ, ಮುಗಿದ ಮೇಲೆ ಹೇಳಿ." ತಿಂಗಳಿಗೊಮ್ಮೆ ಎಲ್ಲರಿಗೂ ಒಂದೇ ದಿನ ಕಳಿಸುವುದಕ್ಕಿಂತ ಇದು ವಾಸಿ. ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ ಕಳಿಸಿದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ, ಅದೂ ಒಂದು ಕಾರಣ. ಉತ್ತರ ಬರದವರಿಗೆ ನಾಲ್ಕನೆಯದು ಕಳಿಸುವುದಿಲ್ಲ. ಕೆಲವರು ಚಳಿ ಶುರುವಾದ ಮೇಲೆ ತಾವಾಗಿಯೇ ಕೇಳುತ್ತಾರೆ, ಅದೂ ಎರಡೆರಡು ಡಬ್ಬಿ.