ಸಾಲಾವಳಿ ನೋಡುವ ಮೊದಲು ಒಂದು ಜಾತಕವನ್ನು ಪೂರ್ತಿ ಓದಿದ ಅನುಭವ

ಹೋದ ವರ್ಷ ಚಿಕ್ಕಮ್ಮ ಮಗಳ ಜಾತಕ ಹಿಡಿದುಕೊಂಡು ಮನೆಗೆ ಬಂದರು. ಮೊಬೈಲಿನಲ್ಲಿ ಒಬ್ಬ ಹುಡುಗನ ಜಾತಕದ ಫೋಟೋ ಕೂಡ ಇತ್ತು. "ಸಾಲಾವಳಿ ಚೆನ್ನಾಗಿ ಬಂದಿದೆ ಕಣೇ. ಆದ್ರೆ ಹುಡುಗಿಗೆ ಕುಜದೋಷ ಇದೆ ಅಂತಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಬಿಡು" ಅಂದರು. ಹುಡುಗನ ಫೋಟೋವನ್ನು ನಾನು ಅವತ್ತು ತೆರೆಯಲೇ ಇಲ್ಲ. ಮೊದಲು ಹುಡುಗಿಯ ಜಾತಕವನ್ನೇ ಸರಿಯಾಗಿ ಓದೋಣ ಅಂದೆ.

ಇದು ನನ್ನ ಸೋದರಮಾವ ಕಲಿಸಿದ ಪದ್ಧತಿ. ಹುಡುಗ ಹುಡುಗಿಯ ಜಾತಕ ಹೊಂದಿಸಿ ಅಂಕ ಕೊಡುವ ಸಾಲಾವಳಿಯ 36 ಗುಣಗಳು ಎಲ್ಲಿಂದ ಬರುತ್ತವೆ ಅಂತ ಅವರು ಒಂದು ದಿನ ಕೂರಿಸಿಕೊಂಡು ತೋರಿಸಿದ್ದರು. ಗಣ, ಯೋನಿ, ನಾಡಿ, ರಾಶಿಕೂಟ, ಎಲ್ಲವೂ ಹುಟ್ಟಿದಾಗ ಚಂದ್ರ ಎಲ್ಲಿದ್ದ ಅನ್ನುವುದರಿಂದಲೇ ಬರುತ್ತವೆ. ಚಂದ್ರ ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ ಬೇಕು. ಅದೇ ಒಂದು ದಿನದಲ್ಲಿ ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿರುವ ರಾಶಿ, ಹನ್ನೆರಡು ರಾಶಿಗಳನ್ನೂ ಸುತ್ತಿ ಬರುತ್ತದೆ. ಅಂದರೆ ಬೆಳಗ್ಗೆ ಹುಟ್ಟಿದ ಹುಡುಗಿಗೂ ಸಂಜೆ ಹುಟ್ಟಿದ ಹುಡುಗಿಗೂ ಸಾಲಾವಳಿ ಒಂದೇ ಬರಬಹುದು, ಆದರೆ ಅವರ ಮದುವೆಯ ವಿಷಯ ನೋಡುವ ಏಳನೇ ಮನೆ, ಅದರ ಯಜಮಾನ, ಕುಜ ಕೂತ ಮನೆ ಎಲ್ಲ ಬೇರೆ. ಹಾಗಾಗಿ ಗುಣದ ಅಂಕ ಎಷ್ಟೇ ಇರಲಿ, ನಾನು ಲಗ್ನದಿಂದಲೇ ಶುರು ಮಾಡುತ್ತೇನೆ.

ಮೊದಲು ಒಂದು ಹಾಳೆಯಲ್ಲಿ ಹನ್ನೆರಡು ಮನೆಯ ಕುಂಡಲಿ ಬರೆದುಕೊಳ್ಳುತ್ತೇನೆ. ಕೈಯಾರೆ ಬರೆದರೆ ಕಣ್ಣು ತಪ್ಪುವುದು ಕಡಿಮೆ. ನಮ್ಮ ಕಡೆಯ ಕುಂಡಲಿಯಲ್ಲಿ ರಾಶಿಗಳ ಜಾಗ ಬದಲಾಗುವುದಿಲ್ಲ. ಮೇಲಿನ ಸಾಲಿನಲ್ಲಿ ಎಡಗಡೆಯಿಂದ ಎರಡನೇ ಚೌಕ ಮೇಷ. ಅಲ್ಲಿಂದ ಗಡಿಯಾರದ ಮುಳ್ಳು ಹೋದ ಹಾಗೆ ವೃಷಭ, ಮಿಥುನ ಅಂತ ಸುತ್ತಿಕೊಂಡು ಬಂದರೆ ಮೇಲಿನ ಎಡ ಮೂಲೆಯಲ್ಲಿ ಮೀನ. ಜಾತಕದಿಂದ ಜಾತಕಕ್ಕೆ ಬದಲಾಗುವುದು ಲಗ್ನದ ಗುರುತು ಮತ್ತು ಗ್ರಹಗಳು ಮಾತ್ರ. 'ಲ' ಎಂದು ಬರೆದ ಚೌಕವೇ ಒಂದನೇ ಮನೆ. ಅದನ್ನು ಬಿಟ್ಟು ಪಕ್ಕದಿಂದ ಎಣಿಸುವವರು ತುಂಬಾ ಜನ. ಹಾಗೆ ಎಣಿಸಿದರೆ ಏಳು ಅಂದುಕೊಂಡಿದ್ದು ನಿಜಕ್ಕೂ ಎಂಟಾಗಿರುತ್ತದೆ.

ಇನ್ನೊಂದು ತಪ್ಪನ್ನು ನಾನೇ ಶುರುವಿನಲ್ಲಿ ಮಾಡಿದ್ದೆ. ಜಾತಕದ ಹಾಳೆಯಲ್ಲಿ ಎರಡು ಕುಂಡಲಿ ಇರುತ್ತವೆ, ಒಂದು ರಾಶಿ, ಇನ್ನೊಂದು ನವಾಂಶ. ನೋಡಲು ಎರಡೂ ಒಂದೇ ತರಹ. ಮಧ್ಯದಲ್ಲಿ ಬರೆದ ಹೆಸರನ್ನು ಓದದೆ ನಾನು ಒಮ್ಮೆ ನವಾಂಶವನ್ನೇ ರಾಶಿ ಅಂತ ಹಿಡಿದು ಅರ್ಧ ಗಂಟೆ ಲೆಕ್ಕ ಹಾಕಿದ್ದೆ. ಈಗ ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ರವಿಯಿಂದ ಬುಧ ಹೆಚ್ಚೆಂದರೆ ಪಕ್ಕದ ರಾಶಿಯಲ್ಲಿರುತ್ತಾನೆ, ಶುಕ್ರ ಎರಡು ರಾಶಿಗಿಂತ ದೂರ ಹೋಗುವುದಿಲ್ಲ. ರವಿಗೂ ಬುಧನಿಗೂ ನಡುವೆ ನಾಲ್ಕು ಮನೆ ಅಂತರ ಕಂಡರೆ ಅದು ರಾಶಿ ಕುಂಡಲಿ ಅಲ್ಲ, ಅಥವಾ ಬರೆದಿದ್ದು ತಪ್ಪಾಗಿದೆ.

ನನ್ನ ತಂಗಿಯ ಜಾತಕಕ್ಕೆ ಬರೋಣ. ಹುಟ್ಟಿದ್ದು 1996ರ ನವೆಂಬರ್, ಕಾರ್ತಿಕ ಮಾಸ, ತುಮಕೂರು. ಸಮಯ ಸಂಜೆ 7.30 ಅಂತ ಬರೆದಿತ್ತು. ಕುಂಭ ರಾಶಿ, ಶತಭಿಷ ನಕ್ಷತ್ರ. ಲಗ್ನ ವೃಷಭ. ಸಿಂಹದಲ್ಲಿ ಕುಜ, ಕನ್ಯಾದಲ್ಲಿ ರಾಹು, ತುಲಾದಲ್ಲಿ ಶುಕ್ರ, ವೃಶ್ಚಿಕದಲ್ಲಿ ರವಿ ಬುಧರು, ಧನುಸ್ಸಿನಲ್ಲಿ ಗುರು, ಮೀನದಲ್ಲಿ ಶನಿ ಕೇತು.

ವೃಷಭದಿಂದ ಎಣಿಸಿದರೆ ಸಿಂಹ ನಾಲ್ಕನೇ ಮನೆ. ನಮ್ಮಲ್ಲಿ ಎರಡು, ನಾಲ್ಕು, ಏಳು, ಎಂಟು, ಹನ್ನೆರಡರಲ್ಲಿ ಕುಜನಿದ್ದರೆ ದೋಷ ಅಂತ ಲೆಕ್ಕ. ಚಿಕ್ಕಮ್ಮನಿಗೆ ಯಾರೋ ಹೇಳಿದ ಕುಜದೋಷ ಇದೇ. ಆ ಮಟ್ಟಿಗೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ನನ್ನನ್ನು ತಡೆದಿದ್ದು ಆ 7.30. ಹಳೆಯ ಜಾತಕಗಳಲ್ಲಿ ಸಮಯ ಅರ್ಧ ಗಂಟೆಗೆ ಸರಿಯಾಗಿ ಬಿದ್ದಿದ್ದರೆ ನಾನು ಸುಮ್ನೆ ನಂಬುವುದಿಲ್ಲ. ಯಾರೋ ಗಡಿಯಾರ ನೋಡಿ, ಆಮೇಲೆ ನೆನಪಿಸಿಕೊಂಡು, ಹತ್ತಿರದ ಅರ್ಧ ಗಂಟೆಗೆ ಹೇಳಿರುತ್ತಾರೆ. ಲಗ್ನ ರಾಶಿಯ ಮಧ್ಯದಲ್ಲಿದ್ದರೆ ಹತ್ತು ನಿಮಿಷದಿಂದ ಲಗ್ನ ಕೆಡುವುದಿಲ್ಲ. ಅಂಚಿನಲ್ಲಿದ್ದರೆ ಇಡೀ ಜಾತಕವೇ ತಿರುಗಿಬಿಡುತ್ತದೆ.

ಅಂಚಿನಲ್ಲಿದೆಯೇ ಅಂತ ತಿಳಿಯಲು ಸಾಫ್ಟ್‌ವೇರ್ ಬೇಕಾಗಿಲ್ಲ. ಸೂರ್ಯ ಹುಟ್ಟುವಾಗ ಅವನು ಯಾವ ರಾಶಿಯ ಎಷ್ಟನೇ ಡಿಗ್ರಿಯಲ್ಲಿದ್ದಾನೋ ಲಗ್ನವೂ ಅದೇ. ಮುಳುಗುವಾಗ ಅದಕ್ಕೆ ಎದುರಿನ ಏಳನೇ ರಾಶಿಯ ಅದೇ ಡಿಗ್ರಿ ಲಗ್ನವಾಗಿರುತ್ತದೆ. ಅಲ್ಲಿಂದ ಒಂದು ಡಿಗ್ರಿಗೆ ಸುಮಾರು ನಾಲ್ಕು ನಿಮಿಷ. ಇವಳ ಜಾತಕದಲ್ಲಿ ರವಿ ವೃಶ್ಚಿಕಕ್ಕೆ ಆಗತಾನೇ ಬಂದು ಮೂರನೇ ಡಿಗ್ರಿಯಲ್ಲಿದ್ದಾನೆ. ಹಾಗಾದರೆ ಸೂರ್ಯ ಮುಳುಗಿದಾಗ ಲಗ್ನ ವೃಷಭದ ಮೂರನೇ ಡಿಗ್ರಿ. ವೃಷಭ ಮುಗಿಯಲು ಇನ್ನು 27 ಡಿಗ್ರಿ ಚಿಲ್ಲರೆ ಬಾಕಿ, ಅಂದರೆ ಹತ್ತಿರ ಹತ್ತಿರ 110 ನಿಮಿಷ. ನವೆಂಬರ್ ನಡುವಿನಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು 5.50ರ ಸುಮಾರಿಗೆ. 110 ನಿಮಿಷ ಕೂಡಿಸಿದರೆ 7.40. ಆಗ ವೃಷಭ ಮುಗಿದು ಮಿಥುನ ಶುರು. ನಾಲ್ಕು ನಿಮಿಷದ ಲೆಕ್ಕ ಒರಟು, ಕೆಲವು ರಾಶಿಗಳು ಬೇಗ ದಾಟುತ್ತವೆ, ಕೆಲವು ನಿಧಾನ. ಆದರೆ ಅಪಾಯ ಎಲ್ಲಿದೆ ಅಂತ ಗೊತ್ತಾಗಲು ಇಷ್ಟು ಸಾಕು. ಆಮೇಲೆ ಊರಿನ ಅಕ್ಷಾಂಶ ರೇಖಾಂಶ ಹಾಕಿ ಕಂಪ್ಯೂಟರಿನಲ್ಲೂ ನೋಡಿದೆ. ಅದೂ 7.40ರ ಆಸುಪಾಸನ್ನೇ ತೋರಿಸಿತು.

ಅಂದರೆ ಇವಳು ಹುಟ್ಟಿದ್ದು ಬರೆದದ್ದಕ್ಕಿಂತ ಹತ್ತು ಹನ್ನೆರಡು ನಿಮಿಷ ತಡವಾಗಿದ್ದರೆ ಲಗ್ನವೇ ಬೇರೆ.

"ಚಿಕ್ಕಮ್ಮ, ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ಆಗುವಾಗ ಕೊಟ್ಟ ಚೀಟಿ ಏನಾದ್ರೂ ಇಟ್ಟಿದ್ದೀರಾ?" ಅಂತ ಕೇಳಿದೆ.

"ಬರ್ತ್ ಸರ್ಟಿಫಿಕೇಟ್ ಇದೆಯಲ್ಲ, ತರಲಾ?"

ಅದರಲ್ಲಿ ತಾರೀಖು ಮಾತ್ರ ಇರುತ್ತೆ, ಗಂಟೆ ಸಾಮಾನ್ಯವಾಗಿ ಇರುವುದಿಲ್ಲ ಅಂದೆ. ಎರಡು ವಾರ ಬಿಟ್ಟು ಫೋನ್ ಮಾಡಿದರು. ಹಳೇ ಟ್ರಂಕಿನಲ್ಲಿ ಲಸಿಕೆ ಕಾರ್ಡಿನ ಜೊತೆ ಮಡಚಿಟ್ಟ ಹಳದಿ ಚೀಟಿ ಸಿಕ್ಕಿತ್ತು. ಹೆಣ್ಣು ಮಗು, ತೂಕ, ಪಕ್ಕದಲ್ಲಿ ನೀಲಿ ಶಾಯಿಯಲ್ಲಿ 7.52.

ಮಿಥುನ ಲಗ್ನ. ಅದೂ ಮೂರನೇ ಡಿಗ್ರಿ. ಗಡಿಯಿಂದ ಹನ್ನೆರಡು ನಿಮಿಷ ಈಚೆ.

ಹೊಸ ಹಾಳೆ ತೆಗೆದೆ. ಗ್ರಹಗಳು ಕೂತ ರಾಶಿಗಳು ಅವೇ, ಚಂದ್ರನೂ ಅಲ್ಲೇ, ಗುಣದ ಅಂಕ ಒಂದೂ ಬದಲಾಗಲಿಲ್ಲ. ಆದರೆ 'ಲ' ಒಂದು ಚೌಕ ಮುಂದಕ್ಕೆ ಹೋಗಿದ್ದರಿಂದ ಎಲ್ಲ ಗ್ರಹಗಳೂ ಒಂದೊಂದು ಮನೆ ಹಿಂದಕ್ಕೆ ಬಂದವು. ವೃಷಭ ಲಗ್ನದಲ್ಲಿ ಏಳನೇ ಮನೆ ವೃಶ್ಚಿಕ, ಅದರ ಯಜಮಾನ ಕುಜ, ಗುರು ಎಂಟರಲ್ಲಿ. ಮಿಥುನ ಲಗ್ನದಲ್ಲಿ ಏಳನೇ ಮನೆ ಧನುಸ್ಸು, ಯಜಮಾನ ಗುರು, ಅವನು ಅಲ್ಲೇ ತನ್ನ ಮನೆಯಲ್ಲೇ ಕೂತಿದ್ದಾನೆ. ಲಗ್ನಾಧಿಪತಿ ಶುಕ್ರನಿಂದ ಬುಧನಿಗೆ ಬದಲಾದ, ಬುಧ ರವಿಯ ಜೊತೆ ಆರನೇ ಮನೆಯಲ್ಲಿ. ಕುಜ ಮೂರರಲ್ಲಿ. ಲಗ್ನದಿಂದ ಕುಜದೋಷದ ಮಾತೇ ಇಲ್ಲ.

ಇಲ್ಲಿ ನಿಂತುಬಿಟ್ಟರೆ ಅದೂ ಅರ್ಧ ಓದು. ಕುಜನನ್ನು ಲಗ್ನದಿಂದ ಮಾತ್ರವಲ್ಲ, ಚಂದ್ರನಿಂದ ಮತ್ತು ಶುಕ್ರನಿಂದಲೂ ನೋಡುವ ಪದ್ಧತಿ ನಮ್ಮದು. ತುಲಾದ ಶುಕ್ರನಿಂದ ಸಿಂಹ ಹನ್ನೊಂದು, ಚಿಂತೆಯಿಲ್ಲ. ಕುಂಭದ ಚಂದ್ರನಿಂದ ಸಿಂಹ ನೇರ ಏಳು. ಆ ದೋಷ ಲಗ್ನ ಬದಲಾದರೂ ಹೋಗುವುದಿಲ್ಲ. ಚಿಕ್ಕಮ್ಮನಿಗೆ ಇದನ್ನು ಮುಚ್ಚಿಡಲಿಲ್ಲ. ಜೊತೆಗೆ ಇನ್ನೊಂದನ್ನೂ ತೋರಿಸಿದೆ. ಎಲ್ಲ ಗ್ರಹಗಳೂ ತಾವಿರುವಲ್ಲಿಂದ ಏಳನೇ ಮನೆಯನ್ನು ನೋಡುತ್ತವೆ, ಗುರುವಿಗೆ ಐದು ಮತ್ತು ಒಂಬತ್ತನೇ ಮನೆಯ ಮೇಲೂ ದೃಷ್ಟಿ ಇದೆ. ಧನುಸ್ಸಿನಿಂದ ಒಂಬತ್ತನೆಯದು ಸಿಂಹ. ಗುರುವಿನ ದೃಷ್ಟಿ ಬಿದ್ದ ಕುಜ ಮೆತ್ತಗಾಗುತ್ತಾನೆ ಅಂತ ಬಲ್ಲವರು ಹೇಳುತ್ತಾರೆ. ಸಿಂಹ, ಕುಂಭದಲ್ಲಿರುವ ಕುಜನಿಗೆ ದೋಷವೇ ಇಲ್ಲ ಅನ್ನುವವರೂ ಇದ್ದಾರೆ. ನಾನು ಆ ವಿನಾಯಿತಿಗಳ ಪಟ್ಟಿಗಿಂತ ಗುರುವಿನ ದೃಷ್ಟಿಗೆ ಜಾಸ್ತಿ ಬೆಲೆ ಕೊಡುತ್ತೇನೆ. ವಿನಾಯಿತಿಗಳನ್ನೆಲ್ಲ ಒಪ್ಪಿಕೊಳ್ಳುತ್ತಾ ಹೋದರೆ ಯಾರ ಜಾತಕದಲ್ಲೂ ದೋಷ ಉಳಿಯುವುದಿಲ್ಲ.

ಏಳನೇ ಮನೆಯಲ್ಲಿ ಗುರು ಸ್ವಕ್ಷೇತ್ರ ಅಂತ ಕಂಡ ಕೂಡಲೇ ಖುಷಿಪಡುವುದೂ ಆತುರ. ಶನಿಗೆ ಮೂರು ಮತ್ತು ಹತ್ತನೇ ದೃಷ್ಟಿ ಇದೆ. ಮೀನದಿಂದ ಹತ್ತು ಎಣಿಸಿದರೆ ಅದೇ ಧನುಸ್ಸು. ಅಂದರೆ ಗುರು ಕೂತ ಏಳನೇ ಮನೆಯನ್ನೇ ಶನಿ ನೋಡುತ್ತಿದ್ದಾನೆ. ಇದನ್ನು ಮದುವೆ ನಿಧಾನ ಆಗುತ್ತದೆ, ಆದರೆ ಗಟ್ಟಿಯಾಗಿ ಉಳಿಯುತ್ತದೆ ಅಂತ ನಾನು ಓದುತ್ತೇನೆ. ಹುಡುಗಿಗೆ ಆಗ ಇಪ್ಪತ್ತೆಂಟು. ಇನ್ನೂ ಆಗಿಲ್ಲ ಅಂತ ಚಿಕ್ಕಮ್ಮ ಕೊರಗುತ್ತಿದ್ದ ವಿಷಯಕ್ಕೂ ಇದಕ್ಕೂ ಹೊಂದಿತು. ಹಾಗಂತ ಒಂದು ಘಟನೆ ಹೊಂದಿದ ಮಾತ್ರಕ್ಕೆ ಲಗ್ನ ಸರಿ ಅಂತ ನಾನು ತೀರ್ಮಾನಿಸುವುದಿಲ್ಲ. ಬೇಕಾದ ಲಗ್ನಕ್ಕೆ ಬೇಕಾದ ಘಟನೆ ಹೊಂದಿಸಿಕೊಳ್ಳುವುದು ತುಂಬಾ ಸುಲಭ. ನಾನು ಮಿಥುನವನ್ನು ಒಪ್ಪಿದ್ದು ಆ ನೀಲಿ ಶಾಯಿಯ ಗಂಟೆಯಿಂದ. ಚೀಟಿ ಸಿಗದೇ ಹೋಗಿದ್ದರೆ ಎರಡೂ ಲಗ್ನದ ಹಾಳೆಗಳನ್ನು ಅವರ ಕೈಗೆ ಕೊಟ್ಟು, ಕುಜನ ವಿಷಯದಲ್ಲಿ ಲಗ್ನದ ಆಧಾರದ ಮೇಲೆ ಏನೂ ಹೇಳಲಾರೆ ಅಂತ ಹೇಳಿ ಕಳಿಸುತ್ತಿದ್ದೆ.

ಇಷ್ಟೆಲ್ಲ ಆದ ಮೇಲೆ ಆ ಹಾಳೆಯ ಕೆಳಗೆ ನಾಲ್ಕು ಸಾಲು ಬರೆದಿಟ್ಟೆ. ಲಗ್ನ ಯಾವುದು, ಗಡಿಯಿಂದ ಎಷ್ಟು ದೂರ. ಲಗ್ನಾಧಿಪತಿ ಎಲ್ಲಿ. ಏಳನೇ ಮನೆಯ ಯಜಮಾನ ಎಲ್ಲಿ, ಅಲ್ಲಿ ಯಾರಿದ್ದಾರೆ, ಯಾರು ನೋಡುತ್ತಿದ್ದಾರೆ. ಕುಜ ಲಗ್ನ, ಚಂದ್ರ, ಶುಕ್ರ ಮೂವರಿಂದ ಎಷ್ಟನೇ ಮನೆ. ಹುಡುಗನ ಜಾತಕದಿಂದಲೂ ಇದೇ ನಾಲ್ಕು ಸಾಲು ಬಂದ ಮೇಲೆ ಪಕ್ಕಪಕ್ಕ ಇಡುವುದು ನನ್ನ ರೂಢಿ.

"ಈಗಲಾದ್ರೂ ಹುಡುಗನದ್ದು ನೋಡ್ತೀಯಾ?" ಅಂದರು ಚಿಕ್ಕಮ್ಮ. ಫೋಟೋ ತೆರೆದೆ. ಹುಟ್ಟಿದ ಸಮಯ, ಬೆಳಗ್ಗೆ 6.00. ಲಗ್ನ ರಾಶಿಯ 29ನೇ ಡಿಗ್ರಿ.

"ಅವರ ಮನೆಯವರಿಗೂ ಆಸ್ಪತ್ರೆ ಚೀಟಿ ಹುಡುಕೋಕೆ ಹೇಳಿ ಚಿಕ್ಕಮ್ಮ" ಅಂದೆ.