ಗಿರಾಕಿಗೆ ಫೋನ್ ಮಾಡಬೇಕೋ, ಮೇಲ್ ಹಾಕಬೇಕೋ, ವಾಟ್ಸ್‌ಆ್ಯಪ್ ಸಾಕೋ?

ಪೀಣ್ಯದಂಥ ಕಡೆ ನಾಲ್ಕೈದು ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಎಷ್ಟೋ ಜನರಿಗೆ ಆಫೀಸು ಎಂದರೆ ಕೈಯಲ್ಲಿರುವ ಫೋನೇ. ರೇಟು ಫೋನಿನಲ್ಲಿ ಮಾತಾಗುತ್ತದೆ, ಡ್ರಾಯಿಂಗ್ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ, ಮೇಲ್ ತೆರೆಯುವುದು ಜಿಎಸ್‌ಟಿ ಕಟ್ಟುವಾಗ ಮಾತ್ರ. ಎಲ್ಲ ಸರಿಯಾಗಿ ನಡೆಯುವವರೆಗೆ ಇದರಿಂದ ತೊಂದರೆ ಇಲ್ಲ. ಮಾಲು ರಿಜೆಕ್ಟ್ ಆದಾಗ, ಇಲ್ಲವೇ ಬಿಲ್ಲಿನ ದುಡ್ಡು ನಿಂತಾಗ, ಯಾರು ಯಾವತ್ತು ಏನು ಹೇಳಿದ್ದರು ಎಂದು ಹುಡುಕಲು ಶುರು ಮಾಡುತ್ತೇವೆ. ಆಗ ಏನೂ ಸಿಗುವುದಿಲ್ಲ.

500 ಬ್ರಾಕೆಟ್‌ಗಳ ಒಂದು ಆರ್ಡರ್ ಬಂದಿದೆ ಅಂದುಕೊಳ್ಳಿ. ಅದು ವಿಚಾರಣೆಯಿಂದ ಪೇಮೆಂಟ್‌ವರೆಗೆ ಹೋಗುವಾಗ ಯಾವ ಮಾತನ್ನು ಯಾವುದರಲ್ಲಿ ಹೇಳಬೇಕು, ನೋಡೋಣ.

ಕೊಟೇಶನ್: ಮೊದಲು ಫೋನ್, ಆಮೇಲೆ ಮೇಲ್

ವಿಚಾರಣೆ ಎಲ್ಲಿಂದ ಬಂದರೂ ಮೊದಲು ಫೋನ್ ಮಾಡಿ. ಯಾವ ಮೆಟೀರಿಯಲ್, ಎಷ್ಟು ದಪ್ಪ, ಪ್ಲೇಟಿಂಗ್ ಬೇಕೋ ಬೇಡವೋ, ಎಂದಿಗೆ ಬೇಕು? ಇವೆಲ್ಲ ಐದು ನಿಮಿಷದ ಮಾತಿನಲ್ಲಿ ಮುಗಿಯುತ್ತವೆ. ಮೆಸೇಜಿನಲ್ಲಿ ಕೇಳುತ್ತಾ ಕೂತರೆ ದಿನವೇ ಹೋಗುತ್ತದೆ.

ಆದರೆ ರೇಟನ್ನು ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಪಿಡಿಎಫ್ ಮಾಡಿ ಮೇಲ್ ಹಾಕಿ. ಪೀಸ್ ರೇಟು, ಜಿಎಸ್‌ಟಿ ಬೇರೆಯೋ ಸೇರಿದೆಯೋ, ಸಾಗಣೆ ಖರ್ಚು ಯಾರದು, ಎಷ್ಟು ದಿನದಲ್ಲಿ ಕೊಡುತ್ತೀರಿ, ದುಡ್ಡು ಎಷ್ಟು ದಿನದಲ್ಲಿ ಬರಬೇಕು, ಈ ರೇಟು ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಅದರಲ್ಲಿರಲಿ. ವಿಷಯದ ಸಾಲಿನಲ್ಲಿ ಬರೀ ‘ಕೊಟೇಶನ್’ ಎಂದಿದ್ದರೆ ಆರು ತಿಂಗಳ ನಂತರ ಹುಡುಕುವುದು ಕಷ್ಟ. ‘ಬ್ರಾಕೆಟ್ 500 ಪೀಸ್ – ಕೊಟೇಶನ್’ ಎಂದಿರಲಿ. ಆರ್ಡರ್ ಮುಗಿಯುವವರೆಗೆ ಅದೇ ಮೇಲ್‌ಗೆ ಉತ್ತರಿಸುತ್ತಾ ಹೋಗಿ. ವಾಟ್ಸ್‌ಆ್ಯಪ್‌ನಲ್ಲಿ ‘ಸರ್, ಕೊಟೇಶನ್ ಮೇಲ್ ಮಾಡಿದ್ದೇನೆ, ನೋಡಿ’ ಎಂದರೆ ಸಾಕು.

ಇಷ್ಟಕ್ಕೆಲ್ಲ ಮೇಲ್ ಬೇಕಾ ಎಂದು ಕೇಳುವವರಿದ್ದಾರೆ. ಪರ್ಚೇಸ್‌ನವರು ಕೆಲಸ ಬಿಟ್ಟು ಬೇರೆ ಕಂಪನಿಗೆ ಹೋಗುತ್ತಾರೆ, ಅಲ್ವಾ? ಅವರ ಸ್ವಂತ ನಂಬರಿನಲ್ಲಿದ್ದ ಚಾಟ್ ಅವರ ಜೊತೆಗೇ ಹೋಗುತ್ತದೆ. ಕಂಪನಿಯ ಮೇಲ್‌ಗೆ ಕಳಿಸಿದ್ದು ಸಾಮಾನ್ಯವಾಗಿ ಕಂಪನಿಯಲ್ಲೇ ಉಳಿಯುತ್ತದೆ.

ಡ್ರಾಯಿಂಗ್ ಬದಲಾದಾಗ

ಜಾಸ್ತಿ ಜಗಳ ಹುಟ್ಟುವುದು ಇಲ್ಲೇ. ಸಂಜೆ ಆರಕ್ಕೆ ಫೋನ್ ಬರುತ್ತದೆ: “ಆ ತೂತು 6 ಎಂಎಂ ಬೇಡ, 6.5 ಮಾಡಿಬಿಡಿ.” ಹಿಂದೆಯೇ ವಾಟ್ಸ್‌ಆ್ಯಪ್‌ನಲ್ಲಿ ಡ್ರಾಯಿಂಗಿನ ಫೋಟೊ. ಫೋಟೊ ಆಗಿ ಕಳಿಸಿದ್ದನ್ನು ವಾಟ್ಸ್‌ಆ್ಯಪ್ ಕುಗ್ಗಿಸುತ್ತದೆ. ಸಣ್ಣ ಅಂಕಿಗಳು ಮಸುಕಾಗಿ, ದಶಾಂಶದ ಚುಕ್ಕೆಯೇ ಕಾಣದೆ ಹೋಗಬಹುದು. ಅವಸರಕ್ಕೆ ಅಲ್ಲೇ ಬೇಕಿದ್ದರೆ ‘ಡಾಕ್ಯುಮೆಂಟ್ ಆಗಿ ಕಳಿಸಿ ಸರ್’ ಎನ್ನಿ. ಆಗ ಫೈಲು ಇದ್ದ ಹಾಗೇ ಬರುತ್ತದೆ.

ಇನ್ನೊಂದು ತೊಡಕಿದೆ. ವಾಟ್ಸ್‌ಆ್ಯಪ್ ಮೆಸೇಜನ್ನು ಕಳಿಸಿದ 15 ನಿಮಿಷದೊಳಗೆ ತಿದ್ದಬಹುದು. ಎಲ್ಲರ ಫೋನಿನಿಂದ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ ಸಮಯ ಸಿಗುತ್ತದೆ. ಚಾಟ್‌ನಲ್ಲಿ Disappearing messages ಆನ್ ಆಗಿದ್ದರಂತೂ ಎಲ್ಲ ತಾನಾಗಿಯೇ ಮಾಯ. ಅಳತೆ ಅಲ್ಲಿ ಮಾತ್ರ ಇದ್ದರೆ ನಂಬಿ ಕೂರಲಾಗದು.

ಹಾಗಾಗಿ ಫೋನ್ ಇಟ್ಟ ಕೂಡಲೇ ನೀವೇ ಮೇಲ್ ಬರೆಯಿರಿ. ಉದ್ದ ಬೇಡ:

‘ನಮಸ್ಕಾರ ಸರ್. ಈಗ ಫೋನಿನಲ್ಲಿ ಮಾತಾಡಿದಂತೆ, ಬ್ರಾಕೆಟ್‌ನ ಮೇಲಿನ ತೂತು 6 ಎಂಎಂ ಬದಲು 6.5 ಎಂಎಂ. ಉಳಿದ ಅಳತೆ ಹಳೆಯ ಡ್ರಾಯಿಂಗಿನಂತೆಯೇ. ರೇಟಿನಲ್ಲಿ ಬದಲಾವಣೆ ಇಲ್ಲ. ಸರಿ ಎಂದು ಉತ್ತರಿಸಿದ ಮೇಲೆ ಡ್ರಿಲ್ಲಿಂಗ್ ಶುರು ಮಾಡುತ್ತೇವೆ.’

ಕೊನೆಯ ಸಾಲು ಗಮನಿಸಿ. ‘ಉತ್ತರ ಬರದಿದ್ದರೆ ಒಪ್ಪಿಗೆ ಎಂದುಕೊಳ್ಳುತ್ತೇವೆ’ ಎಂದು ಬರೆಯುವ ರೂಢಿ ಕೆಲವರಿಗಿದೆ. ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ಸಾಧಿಸುವುದು ಕಷ್ಟ. ಅರ್ಧ ಗಂಟೆಯಲ್ಲಿ ಉತ್ತರ ಬರದಿದ್ದರೆ ಮತ್ತೆ ಫೋನ್ ಮಾಡಿ: “ಸರ್, ಮೇಲ್‌ಗೆ ಒಂದು ಓಕೆ ಹಾಕಿಬಿಡಿ, ಮೆಷಿನ್ ನಿಂತಿದೆ.” ಇದಕ್ಕೆ ಬೇಸರ ಮಾಡಿಕೊಳ್ಳುವವರು ಕಡಿಮೆ. ಹೊಸ ಡ್ರಾಯಿಂಗ್ ಬಂದಾಗ ರಿವಿಷನ್ ಗುರುತು ಬದಲಾಗಿದೆಯೇ ನೋಡಿ. ಎರಡಕ್ಕೂ ಒಂದೇ ಹೆಸರಿದ್ದರೆ ಮೆಷಿನ್ ಪಕ್ಕದಲ್ಲಿ ಅಂಟಿಸಿರುವುದು ಹಳೆಯದೋ ಹೊಸದೋ ಗೊತ್ತಾಗುವುದೇ ಇಲ್ಲ.

ತಡವಾಗುವುದನ್ನು ಹೇಳುವುದು

ಪ್ಲೇಟಿಂಗ್‌ನವರು ಎರಡು ದಿನ ತಡ ಮಾಡಿದರು. ಇದನ್ನು ಫೋನಿನಲ್ಲೇ ಹೇಳಬೇಕು, ಅದೂ ಗಿರಾಕಿ ಕೇಳುವ ಮೊದಲೇ. ಮೆಸೇಜ್ ಹಾಕಿ ನೀಲಿ ಟಿಕ್ ಕಾಯುವುದು ತಪ್ಪಿಸಿಕೊಂಡಂತೆ ಕಾಣುತ್ತದೆ. ಮಾತಾಡಿದರೆ ‘ಸದ್ಯ 200 ಪೀಸ್ ಕೊಡಿ, ಉಳಿದದ್ದು ಸೋಮವಾರ’ ಎಂಬಂಥ ದಾರಿ ಅಲ್ಲೇ ಸಿಗಬಹುದು. ಒಪ್ಪಿದ ಹೊಸ ತಾರೀಖನ್ನು ಅದೇ ಮೇಲ್ ಸರಣಿಗೆ ಹಾಕಿ. ಫೋನ್ ಎತ್ತದಿದ್ದರೆ ಒಂದು ಸಾಲು ಬರೆಯಿರಿ, ವಾಯ್ಸ್ ಮೆಸೇಜ್ ಬೇಡ. ಮೀಟಿಂಗಿನಲ್ಲಿ ಕೂತವರು ಅದನ್ನು ಕೇಳಲಾರರು. ಬರೀ ‘ಸರ್, ಕಾಲ್ ಮಾಡಿ’ ಎಂದರೂ ಪ್ರಯೋಜನವಿಲ್ಲ, ಯಾಕೆ ಎಂದು ಬರೆಯಿರಿ.

ಮಾಲು ಹೊರಟಾಗ

ವಾಟ್ಸ್‌ಆ್ಯಪ್‌ಗೆ ಹೇಳಿ ಮಾಡಿಸಿದ ಕೆಲಸ ಇದು. ಗಾಡಿ ನಂಬರ್, ಡ್ರೈವರ್ ನಂಬರ್, ಪ್ಯಾಕಿಂಗ್ ಫೋಟೊ ಎಲ್ಲ ಅಲ್ಲೇ ಹೋಗಲಿ. ನಾಳೆಗೆ ಇವು ಯಾರಿಗೂ ಬೇಡ.

ಆದರೆ ಸೀಲು, ಸಹಿ ಬಿದ್ದ ಡೆಲಿವರಿ ಚಲನ್ ಹಾಗಲ್ಲ. ಅದನ್ನು ಸ್ಕ್ಯಾನ್ ಮಾಡಿ ಅವತ್ತೇ ಮೇಲ್ ಮಾಡಿ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ ಒಂದು ರಕ್ಷಣೆ ಇದೆ. ಮಾಲು ಸರಿಯಿಲ್ಲ ಎನ್ನುವವರು ಅದು ತಲುಪಿದ 15 ದಿನದೊಳಗೆ ಬರಹದಲ್ಲಿ ತಿಳಿಸಬೇಕು. ತಿಳಿಸದಿದ್ದರೆ ತಲುಪಿದ ದಿನವೇ ಮಾಲನ್ನು ಒಪ್ಪಿಕೊಂಡರು ಎಂದು ಲೆಕ್ಕ. ದುಡ್ಡಿನ ಗಡುವು ಅಲ್ಲಿಂದಲೇ ಶುರು. ಎಷ್ಟೇ ದಿನದ ಒಪ್ಪಂದ ಇರಲಿ, 45 ದಿನ ದಾಟುವಂತಿಲ್ಲ. ಹಾಗಾಗಿ ತಲುಪಿದ ದಿನಕ್ಕೆ ದಾಖಲೆ ಬೇಕು. ‘ಕೆಲವು ಪೀಸ್ ಸರಿಯಿಲ್ಲ’ ಎಂದು ಫೋನ್ ಬಂದರೆ ವಾದಕ್ಕಿಳಿಯಬೇಡಿ. ಎಷ್ಟು ಪೀಸ್, ಯಾವ ಅಳತೆ ಎಂದು ಫೋಟೊ ಸಮೇತ ಮೇಲ್ ಮಾಡಲು ಕೇಳಿ.

ದುಡ್ಡು ಕೇಳುವುದು

ಮೊದಲ ನೆನಪು ಮೇಲ್‌ನಲ್ಲಿ, ಅಕೌಂಟ್ಸ್‌ನವರಿಗೆ. ಪರ್ಚೇಸ್‌ನವರಿಗೆ ಕಾಪಿ. ಬಿಲ್ಲು, ಚಲನ್ ಎರಡನ್ನೂ ಮತ್ತೆ ಲಗತ್ತಿಸಿ, ಏಕೆಂದರೆ ‘ಬಿಲ್ ಬಂದಿಲ್ಲ’ ಎಂಬ ಉತ್ತರ ತುಂಬ ಹಳೆಯದು. ವಾರದ ನಂತರ ಫೋನ್ ಮಾಡಿ ತಾರೀಖು ಕೇಳಿ, ಅವರು ಹೇಳಿದ ತಾರೀಖನ್ನು ಮೇಲ್‌ನಲ್ಲಿ ಬರೆದುಬಿಡಿ. ಹತ್ತು ಜನರಿರುವ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಾಕಿ ಕೇಳಬೇಡಿ. ದುಡ್ಡು ಬಂದರೂ ಮುಂದಿನ ಆರ್ಡರ್ ಬರುವುದು ಅನುಮಾನ.

ಬ್ಯಾಂಕ್ ಖಾತೆ ಬದಲಾಗಿದೆ ಎಂದರೆ

ಈ ಒಂದು ವಿಷಯದಲ್ಲಿ ಮೇಲನ್ನೂ ನಂಬಬೇಡಿ. ಪ್ಲೇಟಿಂಗ್‌ನವರ ವಿಳಾಸದಿಂದಲೇ ‘ನಮ್ಮ ಖಾತೆ ಬದಲಾಗಿದೆ, ಇನ್ನು ಇದಕ್ಕೆ ಹಾಕಿ’ ಎಂದು ಬರಬಹುದು. ಅವರ ಮೇಲ್ ಖಾತೆಗೇ ಕಳ್ಳರು ನುಗ್ಗಿದ್ದರೆ ಹಳೆಯ ಬಿಲ್ಲಿನ ಮೊತ್ತವೂ ಸರಿಯಾಗಿಯೇ ಇರುತ್ತದೆ. ಒಂದು ಅಕ್ಷರ ಬದಲಿಸಿದ ವಿಳಾಸದಿಂದಲೂ ಬರಬಹುದು. ಆ ಮೇಲ್‌ಗೆ ಉತ್ತರ ಬರೆದು ವಿಚಾರಿಸಿದರೆ ಉತ್ತರಿಸುವವರೂ ಆ ಕಳ್ಳರೇ. ಮೇಲ್‌ನಲ್ಲಿ ಕೊಟ್ಟ ನಂಬರಿಗೂ ಫೋನ್ ಮಾಡಬೇಡಿ. ನಿಮ್ಮ ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಮಾಡಿ, ಪರಿಚಯದ ದನಿಯಲ್ಲಿ ಖಾತೆ ನಂಬರ್ ಓದಿಸಿಕೊಳ್ಳಿ. ದುಡ್ಡು ಆಗಲೇ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಆ ಮೇಲನ್ನು ಅಳಿಸಬೇಡಿ, ದೂರು ಕೊಡುವಾಗ ಬೇಕಾಗುತ್ತದೆ.