ಮ್ಯೂಚುವಲ್ ಫಂಡ್ ಸ್ಟೇಟ್‌ಮೆಂಟ್ ಫೋಟೋದಲ್ಲಿ ಅಂಕಿ ಮಸುಕಾಗಿದ್ರೆ

ಕೊನೆಯ ಕಾಲಂನಲ್ಲಿರೋ ಬ್ಯಾಲೆನ್ಸ್ ಹಿಡಿದುಕೊಂಡು ಓದಿ. ಅದು ರೂಪಾಯಿ ಅಲ್ಲ, ಯೂನಿಟ್. ಹಿಂದಿನ ಸಾಲಿನ ಬ್ಯಾಲೆನ್ಸ್‌ಗೆ ಈ ಸಾಲಿನ ಯೂನಿಟ್ ಕೂಡಿಸಿದ್ರೆ ಹೊಸ ಬ್ಯಾಲೆನ್ಸ್ ಬರಲೇಬೇಕು, ಹಾಗಾಗಿ 3 ಅಥವಾ 8 ಅಂತ ಅನುಮಾನ ಬಂದ ಅಂಕಿ ಯಾವುದು ಅಂತ ಹೊಸ ಬ್ಯಾಲೆನ್ಸ್‌ನಿಂದ ಹಳೆಯದನ್ನ ಕಳೆದು ನೋಡಿದ್ರೆ ಗೊತ್ತಾಗುತ್ತೆ. ಉದಾಹರಣೆಗೆ 412.365 ಇದ್ದದ್ದು 492.385 ಆಗಿದ್ರೆ ಖರೀದಿ 80.020 ಯೂನಿಟ್. ಎನ್‌ಎವಿ, ಅಂದ್ರೆ ಒಂದು ಯೂನಿಟ್‌ನ ಬೆಲೆ, ಸರಿಯಾಗಿ ಓದಿದ್ದೀರಾ ಅಂತ ನೋಡೋಕೆ ಕಟ್ಟಿದ ಹಣವನ್ನ ಅದರಿಂದ ಭಾಗಿಸಿ, ಅದೇ ಯೂನಿಟ್ ಬರಬೇಕು. ಆದರೆ ಕಟ್ಟಿದ್ದು 5000 ರೂಪಾಯಿ ಆದ್ರೆ ಅದರಲ್ಲಿ ಸ್ಟಾಂಪ್ ಡ್ಯೂಟಿ 0.005% ಅಂದ್ರೆ 25 ಪೈಸೆ ಮೊದಲೇ ಕಳೀಬೇಕು: 4999.75 ÷ 62.4810 = 80.020. ಸ್ಟಾಂಪ್ ಡ್ಯೂಟಿಗೆ ಬೇರೆ ಸಾಲು ಇದ್ರೆ ಅದನ್ನ ಇನ್ನೊಂದು ಖರೀದಿ ಅಂದ್ಕೋಬೇಡಿ. ಫೋಟೋದಲ್ಲಿ ಮಧ್ಯದ ಒಂದು ಸಾಲು ಕತ್ತರಿಸಿ ಹೋಗಿದ್ರೆ ಈ ಲೆಕ್ಕ ನಡೆಯಲ್ಲ. ಎನ್‌ಎವಿಯ ನಾಲ್ಕನೇ ದಶಾಂಶದ ತಪ್ಪೂ ಇದರಲ್ಲಿ ಸಿಗದೇ ಹೋಗಬಹುದು, ಯಾಕಂದ್ರೆ ಯೂನಿಟ್ ಮೂರೇ ದಶಾಂಶಕ್ಕೆ ನಿಂತಿರುತ್ತೆ. ಅದಕ್ಕೆ ಆ ದಿನದ ಎನ್‌ಎವಿಯನ್ನ ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿಯ ವೆಬ್‌ಸೈಟಲ್ಲೇ ನೋಡಿ.